ಒಂದೇ ಪದವೋ, ಎರಡೋ?

ಆತ್ಮೀಯ ಯುವ ಮಿತ್ರರಿಗೆ, ನಮಸ್ಕಾರ.

ನೀವು ಕಳುಹಿಸಿದ ಇಂಗ್ಲಿಷ್ ಕಥೆಯನ್ನು ಎರಡು ಬಾರಿ ಓದಿದೆ. ಕಥೆಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಈ ಪತ್ರದಲ್ಲಿ ನಾನು ಪೆನ್ಸಿಲ್‌ನಿಂದ ಸುತ್ತು ಹಾಕಿರುವ ಎರಡು ಜೋಡಿಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ: ‘ಎವ್ರಿಡೇ’ ಮತ್ತು ‘ಎವ್ರಿ ಡೇ’, ‘ಇನ್‌ಟು’ ಮತ್ತು ‘ಇನ್ ಟು’. ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯು ಇವುಗಳ ಕೆಳಗೆ ಕೆಂಪು ಗೆರೆ ಎಳೆಯಲಿಲ್ಲವೆಂದು ನೀವು ನೆಮ್ಮದಿಯಿಂದ ಇದ್ದಿರಬೇಕು. ಕೂಡಿಸಿದರೂ ಬಿಡಿಸಿದರೂ ಎರಡೂ ಸರಿಯಾದ ಪದಗಳೇ ಆದ್ದರಿಂದ ಅದು ಇಲ್ಲಿ ಸಾಮಾನ್ಯವಾಗಿ ಸುಮ್ಮನಿರುತ್ತದೆ.

ಮೊದಲ ಜೋಡಿಯಲ್ಲಿ ನಮ್ಮನ್ನು ಎಡವಿಸುವುದು ನಮ್ಮ ಕನ್ನಡವೇ ಎಂದು ನನ್ನ ಅನುಮಾನ. ನಾವು ‘ಪ್ರತಿದಿನ’ ಎಂದು ಕೂಡಿಸಿ ಬರೆದು ರೂಢಿಯಾದವರು. ಆ ಕೈ ಇಂಗ್ಲಿಷಿನಲ್ಲಿಯೂ ಜಾಗ ಬಿಡುವುದನ್ನು ಮರೆಯುತ್ತದೆ. ಆದರೆ ದಾರಿ ತೋರಿಸುವುದೂ ಕನ್ನಡವೇ. ನಿಮ್ಮ ಕಥೆಯ ಅಜ್ಜಿ ದಿನಾಲೂ ಮುದ್ದೆ ತೊಳಸುತ್ತಾಳೆ. ಕೆಲಸ ಯಾವಾಗ ನಡೆಯುತ್ತದೆ ಎಂಬುದಕ್ಕೆ ಉತ್ತರವಾಗಿ ‘ದಿನಾಲೂ’ ಎಂದು ಹೇಳಬಹುದಾದಲ್ಲೆಲ್ಲ ‘ಎವ್ರಿ ಡೇ’ ಎರಡು ಪದ. ಅದೇ ಅಜ್ಜಿ ಹಬ್ಬದ ಸೀರೆಯನ್ನು ಮಡಿಸಿಟ್ಟು ದಿನಬಳಕೆಯ ಸೀರೆ ಉಡುತ್ತಾಳೆ. ಹೀಗೆ ಮುಂದಿನ ನಾಮಪದಕ್ಕೆ ಅಂಟಿಕೊಂಡು ‘ಸಾಮಾನ್ಯವಾದ, ವಿಶೇಷವಲ್ಲದ’ ಎಂಬ ಅರ್ಥ ಕೊಡುವಾಗ ‘ಎವ್ರಿಡೇ’ ಒಂದೇ ಪದ. ಸಂದೇಹ ಬಂದರೆ ನಡುವೆ ‘ಸಿಂಗಲ್’ ಎಂಬ ಪದವನ್ನು ತೂರಿಸಿ ನೋಡಿ. ‘ಎವ್ರಿ ಸಿಂಗಲ್ ಡೇ’ ಮುದ್ದೆ ತೊಳಸಬಹುದು, ಆದರೆ ‘ಎವ್ರಿ ಸಿಂಗಲ್ ಡೇ ಸೀರೆ’ ಎಂಬುದು ನಿಲ್ಲುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎರಡನೆಯ ಪುಟದಲ್ಲಿ ‘ಪ್ರತಿದಿನದ ಪತ್ರಿಕೆ’ ಎಂಬುದನ್ನು ನೀವು ‘ಎವ್ರಿಡೇ ನ್ಯೂಸ್‌ಪೇಪರ್’ ಎಂದು ಮಾಡಿದ್ದೀರಿ. ಪದವನ್ನು ಕೂಡಿಸಿ ಬರೆದದ್ದು ವ್ಯಾಕರಣಕ್ಕೆ ಸರಿಯಾದರೂ ಅರ್ಥ ತಪ್ಪಿದೆ, ಏಕೆಂದರೆ ಅದು ‘ಸಾಧಾರಣ ಪತ್ರಿಕೆ’ ಎಂದಾಯಿತು. ದಿನವೂ ಬರುವಂಥದ್ದಕ್ಕೆ ‘ಡೈಲಿ’ ಬಳಸಿ.

ಎರಡನೆಯ ಜೋಡಿ ಹೆಚ್ಚು ತೊಡಕಿನದು, ಮತ್ತು ಅಲ್ಲಿ ನಿಮ್ಮ ಕಥೆಗೆ ನಿಜವಾದ ಪೆಟ್ಟು ಬಿದ್ದಿದೆ. ಕೊನೆಯಲ್ಲಿ ಕಳ್ಳನು ಪೊಲೀಸರಿಗೆ ಶರಣಾಗುತ್ತಾನೆ. ನೀವು ಬರೆದದ್ದು ‘ಹೀ ಟರ್ನ್ಡ್ ಹಿಮ್‌ಸೆಲ್ಫ್ ಇನ್‌ಟು ದ ಪೊಲೀಸ್’. ಕೂಡಿಸಿದ್ದರಿಂದ, ಪಾಪ, ಆತ ಮಾಯಾವಿಯಂತೆ ತಾನೇ ಪೊಲೀಸಾಗಿ ಬದಲಾದ! ಶರಣಾಗುವುದಕ್ಕೆ ಇಂಗ್ಲಿಷಿನಲ್ಲಿರುವ ಕ್ರಿಯೆ ‘ಟರ್ನ್ ಇನ್’. ಅದರಲ್ಲಿನ ‘ಇನ್’ ಕ್ರಿಯಾಪದದ ಸೊತ್ತು. ಯಾರಿಗೆ ಎಂದು ಹೇಳುವ ‘ಟು’ ಬೇರೆಯದೇ ಪದ, ನಮ್ಮ ‘ಗೆ’ ಪ್ರತ್ಯಯದಂತೆ. ಆದ್ದರಿಂದ ನಡುವೆ ಜಾಗ ಬಿಡಲೇಬೇಕು. ಒತ್ತಡಕ್ಕೆ ಮಣಿಯುವ ‘ಗಿವ್ ಇನ್ ಟು’ ಕೂಡ ಇದೇ ಜಾತಿಯದು.

ಕೆಲವರು ‘ಇನ್’ ಆದ ಕೂಡಲೇ ವಾಕ್ಯ ನಿಲ್ಲಿಸಿ ನೋಡಿ ಎನ್ನುತ್ತಾರೆ. ಅರ್ಥ ಪೂರ್ಣವಾಗಿದ್ದರೆ ಎರಡು ಪದವಂತೆ. ನಾನು ಅದನ್ನು ನಂಬುವುದಿಲ್ಲ. ‘ಹೀ ಜಂಪ್ಡ್ ಇನ್’ ಎಂದು ನಿಲ್ಲಿಸಿದರೂ ಪೂರ್ಣವೇ, ಆದರೂ ಬಾವಿಗೆ ಹಾರಿದ ಎನ್ನಲು ‘ಇನ್‌ಟು’ ಬೇಕು. ಕನ್ನಡದ ‘ಗೆ’ಯೊಂದನ್ನೇ ನೆಚ್ಚಿದರೂ ಮೋಸ ಹೋಗುತ್ತೇವೆ, ಬಾವಿಗೆ ಹಾರುವುದೂ ಪೊಲೀಸರಿಗೆ ಶರಣಾಗುವುದೂ ನಮ್ಮಲ್ಲಿ ಒಂದೇ ಪ್ರತ್ಯಯ. ಹಾಗಾಗಿ ‘ಗೆ’ಯನ್ನು ‘ಒಳಕ್ಕೆ’ ಎಂದು ಹಿಗ್ಗಿಸಿ ನೋಡಿ. ಬಾವಿಯೊಳಕ್ಕೆ ಹಾರಬಹುದು, ಪೊಲೀಸರೊಳಕ್ಕೆ ಶರಣಾಗಲು ಬರುವುದಿಲ್ಲ. ‘ಒಳಕ್ಕೆ’ ಒಗ್ಗಿದರೆ, ಇಲ್ಲವೇ ಹಾಲು ಮೊಸರಾಯಿತು ಎಂಬಂತೆ ಒಂದು ಇನ್ನೊಂದಾಗುವ ಅರ್ಥವಿದ್ದರೆ, ಸಾಮಾನ್ಯವಾಗಿ ಕೂಡಿಸಿ ಬರೆಯಿರಿ.

‘ಟು’ ಮುಂದಿನ ಕ್ರಿಯಾಪದಕ್ಕೆ ಸೇರಿದ್ದಾಗ ಮಾತ್ರ ಈ ಪರೀಕ್ಷೆಯೂ ಬೇಡ. ಮಗುವನ್ನು ಉಳಿಸಲು ಆಕೆ ನೀರಿಗೆ ಧುಮುಕುವ ನಿಮ್ಮ ವಾಕ್ಯದಲ್ಲಿ ‘ಡೈವ್ಡ್ ಇನ್ ಟು ಸೇವ್’ ಎಂದೇ ಆಗಬೇಕು. ಕನ್ನಡದಲ್ಲಿ ‘ಉಳಿಸಲು’ ಎಂದು ಹೇಳುವಲ್ಲಿ ಆ ‘ಟು’ ನಮ್ಮ ‘ಅಲು’ವಿನ ಕೆಲಸ ಮಾಡುತ್ತಿರುತ್ತದೆ, ಅದನ್ನು ಹಿಂದಿನ ‘ಇನ್’ಗೆ ಅಂಟಿಸಲಾಗದು.

ಒಂದು ಕಡೆ ಮಾತ್ರ ನಾನು ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇನೆ. ನಾಯಕಿಯು ತನ್ನ ಖಾತೆಗೆ ಲಾಗ್ ಇನ್ ಆಗುತ್ತಾಳೆ. ಖಾತೆಯೊಳಕ್ಕೆ ಎಂದೂ ಹೇಳಬಹುದಾದ್ದರಿಂದ ‘ಲಾಗ್ ಇನ್‌ಟು’ ಬರೆಯುವವರು ಬಹಳ ಮಂದಿ ಇದ್ದಾರೆ. ‘ಲಾಗ್ ಇನ್’ ಒಂದೇ ಕ್ರಿಯೆಯೆಂದು ಎಣಿಸಿ ನಾನು ಬಿಡಿಸಿ ಬರೆಯುತ್ತೇನೆ. ಕಥೆಯನ್ನು ಕಳುಹಿಸಲಿರುವ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಯಾವ ರೂಪವಿದೆ ಎಂದು ನೋಡಿ ಅದನ್ನೇ ಇಟ್ಟುಕೊಳ್ಳಿ. ಸದ್ಯಕ್ಕೆ ಮೂರನೆಯ ಪುಟದಲ್ಲಿ ಒಂದು ರೂಪ, ಏಳನೆಯದರಲ್ಲಿ ಇನ್ನೊಂದು ಇದೆ.

ಇಂತು ನಿಮ್ಮ ಹಿತೈಷಿ