ಭಾನುವಾರದ ಭಾಷಣ: ಕನ್ನಡ ಮತ್ತು ಇಂಗ್ಲಿಷ್

ಬಂಧುಗಳೇ, ಅಣ್ಣ-ವೈನಿಯವರ 25ನೆಯ ಮದುವೆ ವಾರ್ಷಿಕೋತ್ಸವದಲ್ಲಿ ಅಣ್ಣ ಕನ್ನಡದಲ್ಲಿ ಮಾತನಾಡುತ್ತಾನೆ. ಗೋವಾ, ಕೊಲ್ಲಾಪುರದ ಅತಿಥಿಗಳಿಗಾಗಿ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ.

ಕನ್ನಡವೆಲ್ಲ ಮುಗಿದ ಮೇಲೆ ಇಂಗ್ಲಿಷ್ ಶುರುವಾದರೆ ನಮ್ಮವರು ಊಟದ ಪಂಕ್ತಿಯ ಕಡೆ ಹೊರಡುತ್ತಾರೆ, ಅದು ಎಲ್ಲರಿಗೂ ಗೊತ್ತೇ ಇದೆ. ಆದ್ದರಿಂದ ಭಾಷಣವನ್ನು ಮೂರು ತುಂಡು ಮಾಡಿದ್ದೇವೆ. ಅಣ್ಣ ಒಂದು ತುಂಡು ಮುಗಿಸಿ ಮೈಕ್ ಕೊಡುತ್ತಾನೆ, ಮಗಳು ಅದರ ಅರ್ಧದಷ್ಟು ಉದ್ದದಲ್ಲಿ ಹೇಳಿ ಹಿಂದಿರುಗಿಸುತ್ತಾಳೆ. ಬಂಧುಗಳ ಹೆಸರಿನ ಪಟ್ಟಿ ಕನ್ನಡದಲ್ಲಿ ಮಾತ್ರ ಇರುತ್ತದೆ.

ತೊಡಕು ಇದ್ದದ್ದು ಎಳ್ಳಮಾವಾಸ್ಯೆಯ ಪ್ರಸಂಗದಲ್ಲಿ. ‘ಹೊಸ ಸೊಸೆ ಚರಗ ಚೆಲ್ಲು ಎಂದರೆ ಬುಟ್ಟಿಯನ್ನೇ ಖಾಲಿ ಮಾಡಿದಳು, ನಾವು ಉಪವಾಸ ಬಂದೆವು’ ಎಂದರೆ ನಾವು ನಗುತ್ತೇವೆ. ಅತಿಥಿಗಳಿಗೆ ತಲೆಬುಡ ತಿಳಿಯುವುದಿಲ್ಲ. ನಗೆಯ ನಂತರ ವಿವರಿಸಿದರೆ ಅದು ಪಾಠವಾಗುತ್ತದೆ. ಹಾಗಾಗಿ ಮಗಳು ಮೊದಲೇ ಹೇಳುತ್ತಾಳೆ: ಆ ದಿನ ಮನೆಯವರೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಭೂಮಿತಾಯಿಗೆಂದು ಪೈರಿನಲ್ಲಿ ಸ್ವಲ್ಪ ಚೆಲ್ಲಿ, ಉಳಿದದ್ದನ್ನು ಅಲ್ಲೇ ಕುಳಿತು ಉಣ್ಣುತ್ತಾರೆ. ಬುಟ್ಟಿಯ ಮಾತು ಕೊನೆಗೆ.

ವೈನಿಗೆ ನೇರವಾಗಿ ಹೇಳುವ ಕಡೆಯ ಎರಡು ಸಾಲುಗಳನ್ನು ಅಣ್ಣನೇ ಎರಡೂ ಭಾಷೆಯಲ್ಲಿ ಹೇಳಬೇಕು. ಗಂಡನ ಮಾತನ್ನು ಮಗಳ ಬಾಯಲ್ಲಿ ಕೇಳಿಸುವುದು ಸರಿಯಲ್ಲ.

ಶನಿವಾರ ಸಂಜೆ ಮೈಕ್ ಹಿಡಿದೇ ಅಭ್ಯಾಸ ಮಾಡೋಣ. ವೈನಿಗೆ ಯಾರೂ ಹೇಳಬೇಡಿ.