ಮೊಲ ತಿನ್ನೋದು ನಿಲ್ಲಿಸಿದ್ರೆ ಬೆಳಗಾಗಲಿ ಅಂತ ಕಾಯಬೇಡಿ

ಎಲ್ಲರೂ ಒಮ್ಮೆ ಓದಿ. ಕಳೆದ ವಾರ ನಮ್ಮ ಮೊಲ ರಾತ್ರಿ ಪೆಲೆಟ್ ಮುಟ್ಟಲಿಲ್ಲ, ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು. ಹಿಂದಿನ ದಿನವೇ ಹಿಕ್ಕೆ ಸಣ್ಣದಾಗಿತ್ತು, ನಾನು ಗಮನಿಸಿರಲಿಲ್ಲ. ಬೆಳಿಗ್ಗೆ ನೋಡಿದರೆ ಒಂದು ಹಿಕ್ಕೆಯೂ ಇಲ್ಲ.

ಡಾಕ್ಟರ್ ನೋಡಿದಾಗ ದವಡೆ ಹಲ್ಲಿನ ಚೂಪು ನಾಲಿಗೆಗೆ ಚುಚ್ಚುತ್ತಿತ್ತು. ನೋವಿಗೆ ತಿನ್ನೋದು ಬಿಟ್ಟಿದೆ, ನಾರು ಒಳಗೆ ಹೋಗದೆ ಕರುಳಿನ ಚಲನೆ ನಿಧಾನವಾಗಿದೆ, ಹೊಟ್ಟೆಯಲ್ಲಿರೋದು ನೀರಿಲ್ಲದೆ ಗಟ್ಟಿಯಾಗಿ ಗ್ಯಾಸ್ ತುಂಬಿದೆ, ಆ ನೋವಿಗೆ ಇನ್ನೂ ತಿನ್ನಲ್ಲ. ಮೊಲಕ್ಕೆ ವಾಂತಿ ಮಾಡೋಕೂ ಆಗಲ್ಲ ಅಲ್ವಾ. ಉಪವಾಸ ಮುಂದುವರಿದರೆ ಲಿವರ್‌ಗೆ ಕೊಬ್ಬು ತುಂಬಿ ಅದೂ ಕೈಕೊಡುತ್ತದೆ. ಅದಕ್ಕೇ 10-12 ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ತುರ್ತು ಅಂತಲೇ ಲೆಕ್ಕ.

ಭಯ, ಜಾಗ ಬದಲಾವಣೆ, ಕಮ್ಮಿ ನೀರು ಕೂಡ ಕಾರಣ ಆಗಬಹುದು. ಆದರೆ ಜಾಸ್ತಿ ಕಾಣೋದು ನಾರಿನ ಕೊರತೆ. ಆಹಾರದಲ್ಲಿ ಸುಮಾರು 80% ಒಣಹುಲ್ಲು ಇರಬೇಕು, ಅದು ದಿನವಿಡೀ ಸಿಗಬೇಕು. ಕರುಳನ್ನು ತಳ್ಳೋದು ಆ ಉದ್ದನೆಯ ಒರಟು ನಾರು, ಪುಡಿ ಮಾಡಿದ ಪೆಲೆಟ್‌ಗೆ ಆ ಕೆಲಸ ಆಗಲ್ಲ. ಸುಮ್ನೆ ಪ್ರೀತಿಗೆ ಬಿಸ್ಕೆಟ್, ಹಣ್ಣು ತುಂಬಿಸಬೇಡಿ.

ಹೊಟ್ಟೆ ಡ್ರಮ್ಮಿನಂತೆ ಬಿಗಿದು ಕಿವಿ ತಣ್ಣಗಾಗಿದ್ದರೆ ಕರುಳಲ್ಲಿ ಅಡಚಣೆ ಇರಬಹುದು. ಆಗ ಸಿರಿಂಜಿನಲ್ಲಿ ಊಟ ತುರುಕಲೇಬೇಡಿ, ಮೈ ಬೆಚ್ಚಗಿಟ್ಟು ನೇರ ಡಾಕ್ಟರ್ ಹತ್ತಿರ ಓಡಿ. ನಮ್ಮದಕ್ಕೆ ನೋವಿನ ಔಷಧಿ, ಡ್ರಿಪ್ ಕೊಟ್ಟು ಆಮೇಲೆ ಹಲ್ಲು ತಿದ್ದಿದರು. ಮರುದಿನ ಸಂಜೆ ಮೊದಲ ಹಿಕ್ಕೆ ಬಿತ್ತು, ಅದರ ಫೋಟೋ ಬೇಕಾದ್ರೆ ಹಾಕ್ತೀನಿ!