ಫಾರ್ಮಿನ್ಯಾಗ ಎಲ್ಲಾರೂ ಹುಲಿ, 2020ರ ಮಾರ್ಚ್‌ನ್ಯಾಗ ಎಲ್ಲಿದ್ರೀ?

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮ ಹುಬ್ಬಳ್ಳ್ಯಾಗ ಆದ ಹೂಡಿಕೆ ಶಿಬಿರದ ಸುದ್ದಿ ನಿಮ್ಮ ಪೇಪರಿನ್ಯಾಗ ಓದಿದೆ. ಅವಳಿನಗರದ ಹಿರಿಯ ನಾಗರಿಕರು ರಿಸ್ಕ್ ತಗೊಳ್ಳಾಕ ಸಿದ್ಧ ಅದಾರ ಅಂತ ಬರದೀರಿ, ಫೋಟೋನೂ ಹಾಕೀರಿ. ನಾನೂ ಅಲ್ಲೇ ಇದ್ದೆ, ಹಿಂದಿನ ಸಾಲಿನ್ಯಾಗ, ತಿರುಗದ ಫ್ಯಾನಿನ ಕೆಳಗ. ಆ ಧೈರ್ಯ ಹೆಂಗ ಹುಟ್ಟಿತು ಅಂತ ಕಣ್ಣಾರೆ ನೋಡೀನಿ, ಅದಕ್ಕ ಈ ಪತ್ರ.

ಹತ್ತು ಗಂಟೆ ಅಂತ ಕರದ್ರು. ಹೊಸೂರು ಸರ್ಕಲ್ ಕಡೆ ರಸ್ತೆ ಅಗದು ಬಿಟ್ಟಾರ, ಆಟೋದಂವ ಸುತ್ತು ಹಾಕಿ ಡಬಲ್ ಇಸ್ಕೊಂಡ, ಓಡಿ ಓಡಿ ಮುಟ್ಟಿದ್ರ ಮುಖ್ಯ ಅತಿಥಿಗಳೇ ಬಂದಿಲ್ಲ. ಅವರು ಬಂದು, ದೀಪ ಹಚ್ಚಿ, ಹಾರ ಹಾಕಿಸ್ಕೊಂಡು, ಭಾಷಣ ಮುಗಸೂದ್ರಾಗ ಊಟದ ಹೊತ್ತಾತು. ಆಮೇಲೆ ಎಲ್ಲಾರ ಕೈಯಾಗೂ ಒಂದೊಂದು ಫಾರ್ಮ್ ಕೊಟ್ರು, ಪೆನ್ ಮಾತ್ರ ಇಲ್ಲ. ಅದರಾಗ ಒಂದು ಪ್ರಶ್ನೆ ಇತ್ತು: ನಿಮ್ಮ ಹೂಡಿಕೆ ಇಪ್ಪತ್ತು ಪರ್ಸೆಂಟ್ ಇಳದ್ರ ಏನ್ ಮಾಡ್ತೀರಿ? ಎಲ್ಲಾ ಮಾರ್ತೀನಿ, ಸ್ವಲ್ಪ ಮಾರ್ತೀನಿ, ಸುಮ್ಮನಿರ್ತೀನಿ, ಇನ್ನೂ ಖರೀದಿ ಮಾಡ್ತೀನಿ. ನಾನು ವಿಚಾರ ಮಾಡ್ಕೋತ ಕುಂತಿದ್ದಕ್ಕ ಅಲ್ಲಿದ್ದ ಹುಡುಗ, "ಕಾಕಾರ, ಕೊನೇದ್ದು ಹಾಕ್ರಿ, ಎಲ್ಲಾರೂ ಅದನ್ನ ಹಾಕ್ಯಾರ" ಅಂದ. ಹಿಂಗ ತಯಾರಾತ್ರೀ ನೀವು ಬರದ ಧೈರ್ಯ.

ನನ್ನ ತಕರಾರು ಇಷ್ಟ. ನುಕಸಾನ್ ಆದಾಗ ಏನ್ ಮಾಡ್ತೀರಿ ಅಂತ ಕೇಳೋಕಿಂತ, ನುಕಸಾನ್ ಆದಾಗ ಏನ್ ಮಾಡಿದ್ರಿ ಅಂತ ಯಾಕ ಕೇಳಂಗಿಲ್ಲ? ಕೇಳಿದ್ರ ಉತ್ತರ ಕಾಗದದ ಮ್ಯಾಲೆ ಐತಿ. ಮ್ಯೂಚುವಲ್ ಫಂಡ್ ಇದ್ದೋರು, ಫಂಡಿನ ಲೆಕ್ಕ ಇಡೋ ರಜಿಸ್ಟ್ರಾರ್ ಕಂಪನಿ ವೆಬ್‌ಸೈಟಿನ್ಯಾಗ ಪ್ಯಾನ್ ನಂಬರು, ಇಮೇಲ್ ಹಾಕಿದ್ರ ಎಲ್ಲಾ ಫಂಡಿನ ಲೆಕ್ಕ ಒಂದ ಸ್ಟೇಟ್‌ಮೆಂಟಿನ್ಯಾಗ ಬರ್ತದ. ಸಮ್ಮರಿ ಅಂತ ಆರಿಸಿದ್ರ ಉಪಯೋಗಿಲ್ಲ, ಬರೇ ಇವತ್ತಿನ ಬಾಕಿ ತೋರಸ್ತದ. ಡಿಟೇಲ್ಡ್ ಅಂತ ಆರಿಸಿ, ತಾರೀಖು ಮೊದಲಿಂದ ಹಾಕಬೇಕು. ಆಮೇಲೆ 2020ರ ಫೆಬ್ರವರಿಯಿಂದ ಏಪ್ರಿಲ್ ತನಕದ ಸಾಲು ಓದ್ಕೋತ ಹೋಗ್ರಿ. ಎಲ್ಲೆ ಕಂತು ನಿಂತೈತಿ, ಎಲ್ಲೆ ಮಾರಿದ್ದಕ್ಕ ರಿಡೆಂಪ್ಶನ್ ಅಂತ ಬಂದೈತಿ, ತಿರುಗಿ ಯಾವಾಗ ಖರೀದಿ ಶುರು ಆಗೈತಿ. ಸೆನ್ಸೆಕ್ಸ್ ಆ ವರ್ಷ ಜನವರಿಯಾಗ ನಲವತ್ತೆರಡು ಸಾವಿರ ಇದ್ದದ್ದು ಮಾರ್ಚ್ 23ಕ್ಕ ಇಪ್ಪತ್ತಾರು ಸಾವಿರದ ಕೆಳಗ ಬಂದಿತ್ತು, ಒಂದ ದಿವಸಕ್ಕ ಹದಿಮೂರು ಪರ್ಸೆಂಟ್ ಬಿದ್ದಿತ್ತು. ಅದಕ್ಕಿಂತ ಚಲೋ ಪರೀಕ್ಷೆ ಪೇಪರ್ ಯಾರ್ ತೆಗೀತಾರ?

ನಮ್ಮ ಷಡ್ಡಕರದ್ದು ಹೇಳ್ತೀನಿ, ಅವರ ಒಪ್ಪಿಗಿ ತಗೊಂಡ ಬರ್ಯಾಕತ್ತೀನಿ. ಶಿಬಿರದಾಗ ನನ್ನ ಬಾಜೂಕನ ಕುಂತಿದ್ರು, ಇನ್ನೂ ಖರೀದಿ ಮಾಡ್ತೀನಿ ಅಂತ ಗುರುತು ಹಾಕಿದ್ರು, ಅಗ್ರೆಸಿವ್ ಅಂತ ಬಂತು. ರಿಟೈರ್ ಆದಾಗ ಬಂದದ್ದು, ಮೊದಲಿಂದು ಎಲ್ಲಾ ಕೂಡಿ ಈಗ ಮೂವತ್ತು ಲಕ್ಷ ಐತಿ ಅವರತ್ರ, ಅದರಾಗ ಇಪ್ಪತ್ತೊಂದು ಲಕ್ಷ ಶೇರಿನ ಫಂಡಿಗೆ ಹಾಕ್ರಿ ಅಂತ ಸಲಹೆ ಬರದು ಕೊಟ್ಟಾರ. ಮನಿಗೆ ಬಂದು ಅವರ ಸ್ಟೇಟ್‌ಮೆಂಟ್ ತೆಗದ್ವಿ. 2020ರಾಗ ಅವರ ಒಟ್ಟು ಉಳಿತಾಯ ಹದಿನೈದು ಲಕ್ಷ, ಅದರಾಗ ಶೇರಿನ ಫಂಡಿನ್ಯಾಗ ಆರು ಲಕ್ಷ. ಮಾರ್ಚ್ ಎರಡನೇ ವಾರ, ಆರು ಲಕ್ಷದಾಗ ಒಂದು ಲಕ್ಷದ ಇಪ್ಪತ್ತು ಸಾವಿರ ಕರಗಿದಾಗ, ತಿಂಗಳ ಕಂತು ನಿಂತೈತಿ. ಕೊನೇ ವಾರ ಎರಡು ಲಕ್ಷದ ಮ್ಯಾಲೆ ಹೋದಾಗ ರಿಡೆಂಪ್ಶನ್, ಮಾರಿದ ಯುನಿಟ್ ಎಲ್ಲಾ ಕಂಸದಾಗ, ಬಾಕಿ ಸೊನ್ನೆ. ತಿರುಗಿ ಖರೀದಿ ಯಾವಾಗ ಅಂದ್ರ 2021ರ ಫೆಬ್ರವರಿ, ಸೆನ್ಸೆಕ್ಸ್ ಐವತ್ತು ಸಾವಿರ ದಾಟಿದ ಮ್ಯಾಲೆ. ಅವರನ್ನ ಕೇಳಿದ್ರ, "ನಾ ಸ್ವಲ್ಪ ತೆಗದಿದ್ದೆ ಅಷ್ಟ, ಬಾಕಿದ್ದು ಹಂಗ ಬಿಟ್ಟಿದ್ದೆ" ಅಂತಿದ್ರು. ಸುಳ್ಳು ಹೇಳೋ ಮನುಷ್ಯ ಅಲ್ಲ, ನೆನಪು ಹಂಗ ಇರ್ತದ, ಮಾರ್ಕೆಟ್ ಮ್ಯಾಲೆ ಬಂದಮ್ಯಾಲೆ ಎಲ್ಲಾರೂ ಗಟ್ಟಿಯಾಗಿ ಕುಂತವರ ಆಗ್ತಾರ. ಅದಕ್ಕ ಬಾಯಿಮಾತು ಬ್ಯಾಡ, ಕಾಗದ ನೋಡ್ರಿ ಅನ್ನೋದು.

ಈಗ ಲೆಕ್ಕ ಮಾಡ್ರಿ. ಅವರು ಮೊದಲು ಕೈ ಹಿಂದ ತಗೊಂಡದ್ದು ಒಂದು ಲಕ್ಷದ ಇಪ್ಪತ್ತು ಸಾವಿರಕ್ಕ. ಒಟ್ಟು ಉಳಿತಾಯ ಹದಿನೈದು ಲಕ್ಷ ಅಂದ್ರ ನೂರಕ್ಕ ಎಂಟು. ಮಾರಿದ ದಿವಸ ನೋಡೋದಕ್ಕಿಂತ ಈ ಮೊದಲನೇ ಹೆದರಿಕಿ ದಿವಸ ನೋಡೋದು ಚಲೋ, ಯಾಕಂದ್ರ ಅಲ್ಲಿಂದ ಮುಂದ ನಿದ್ದಿ ಇರಂಗಿಲ್ಲ, ಬರೇ ಮೊಬೈಲ್ ನೋಡೋದು. ಇವತ್ತಿನ ಮೂವತ್ತು ಲಕ್ಷಕ್ಕ ಎಂಟು ಪರ್ಸೆಂಟ್ ಅಂದ್ರ ಎರಡು ಲಕ್ಷದ ನಲವತ್ತು ಸಾವಿರ. ಕೆಟ್ಟ ಕಾಲದಾಗ ಶೇರಿನ ಫಂಡು ನೂರಕ್ಕ ನಲವತ್ತು ಬೀಳ್ತದ ಅಂತ ಹಿಡೀರಿ. ಆರು ಲಕ್ಷ ಹಾಕಿದ್ರ ಅಷ್ಟ ನುಕಸಾನ್ ಆಗ್ತದ. ಅಂದ್ರ ಈ ಮನುಷ್ಯಾಗ ಆರು ಲಕ್ಷದ ಆಚೆ ಹೋಗೋದು ಬ್ಯಾಡ. ಫಾರ್ಮ್ ಹೇಳಿದ್ದು ಇಪ್ಪತ್ತೊಂದು! ಅದು ನಲವತ್ತು ಬಿದ್ರ ಎಂಟು ಲಕ್ಷ ನಲವತ್ತು ಸಾವಿರ ಹೋಗ್ತದ, ಆವಾಗ ಆ ಹುಡುಗ ಬಂದು ಕೊನೇದ್ದು ಹಾಕ್ರಿ ಕಾಕಾರ ಅಂತಾನೇನು?

ಅದೂ ಅಲ್ದ ಆವಾಗ ಅವರಿಗೆ ಪಗಾರ ಇತ್ತು, ಈಗ ಇಲ್ಲ. ಪಗಾರ ಬರೋವಾಗ ಆದ ಒಂದು ಲಕ್ಷದ ನುಕಸಾನ್, ಬರದೇ ಇದ್ದಾಗ ಆದ ಒಂದು ಲಕ್ಷ, ಎರಡೂ ಒಂದೇ ಅಲ್ಲ. ಹಿಂಗಾಗಿ ಹಳೇ ದಾಖಲೆಯಿಂದ ಬಂದ ಅಂಕಿನೂ ಇನ್ನಷ್ಟು ಕೆಳಗ ಇಳಿಸಬೇಕು, ಏರಿಸಬಾರದು.

ಇನ್ನ ಹಳೇ ದಾಖಲೆ ಓದೋದ್ರಾಗೂ ಮೋಸ ಐತಿ, ಅದನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರ ಯಾರಾದ್ರೂ ನನಗ ತಿರುಗಿ ಪತ್ರ ಬರೀತಾರ. ಟ್ಯಾಕ್ಸ್ ಉಳಸಾಕ ತಗೊಂಡ ಇಎಲ್‌ಎಸ್‌ಎಸ್ ಫಂಡಿನ್ಯಾಗ ಮೂರು ವರ್ಷ ಮಾರಾಕ ಬರಂಗಿಲ್ಲ, ಅದನ್ನ ಮಾರಲಿಲ್ಲ ಅಂತ ಎದಿ ತಟ್ಕೊಂಡ್ರ ಅದು ಧೈರ್ಯ ಅಲ್ಲ, ಕೀಲಿ. ನಮ್ಮ ಓಣ್ಯಾಗ ಒಬ್ಬರು ಏನೂ ಮಾರಲಿಲ್ಲ, ಯಾಕಂದ್ರ ಪಾಸ್‌ವರ್ಡ್ ಮರತಿದ್ರು, ಬಿದ್ದದ್ದ ಗೊತ್ತಿರಲಿಲ್ಲ! ಆ ಹೊತ್ತಿನ್ಯಾಗ ನುಕಸಾನ್ ಎಷ್ಟು ಅಂತ ಗೊತ್ತಿದ್ದು, ಮಾರಾಕ ದಾರಿ ಇದ್ದು, ಆಮೇಲೂ ಸುಮ್ಮನಿದ್ರ ಮಾತ್ರ ಅದನ್ನ ಲೆಕ್ಕಕ್ಕ ಹಿಡೀರಿ. ಅದರಾಗೂ 2020ರ ಬೀಳು ಲಗೂ ಮುಗೀತು, ನವೆಂಬರ್‌ಗೇ ಹಳೇ ಮಟ್ಟಕ್ಕ ಬಂತು. 2008ರ ಜನವರಿಯಾಗ ಇಪ್ಪತ್ತೊಂದು ಸಾವಿರದಾಗಿದ್ದ ಸೆನ್ಸೆಕ್ಸ್ ಅದ ವರ್ಷ ಅರ್ಧಕ್ಕಿಂತ ಕೆಳಗ ಬಿದ್ದು, ತಿರುಗಿ ಅಲ್ಲಿಗೆ ಬಂದದ್ದು 2010ರ ದೀಪಾವಳಿ ಸುಮಾರಿಗೆ. ಹತ್ತು ತಿಂಗಳು ತಡಕೊಂಡವರು ಎರಡೂಮುಕ್ಕಾಲು ವರ್ಷ ತಡಕೋತಾರ ಅಂತ ಯಾರ್ ಹೇಳ್ಯಾರ? ನನ್ನ ಅಣ್ಣನ ಮಗಂತೂ 2022 ಮುಗದ ಮ್ಯಾಲೆ ಶುರು ಮಾಡ್ಯಾನ. ಅವನು ನೋಡಿದ ದೊಡ್ಡ ಬೀಳು ಅಂದ್ರ 2024ರ ಸೆಪ್ಟೆಂಬರ್‌ನಿಂದ 2025ರ ಮಾರ್ಚ್ ತನಕ, ನಿಫ್ಟಿ ನೂರಕ್ಕ ಹದಿನೈದು ಹದಿನಾರು ಇಳೀತು. ಅದರಾಗ ಪಾಸಾದ್ರ ಪ್ರಿಲಿಮಿನರಿ ಪಾಸ್, ಅಷ್ಟ.

ಶೇರು ಮುಟ್ಟದೇ ಇದ್ದೋರಿಗೂ ದಾಖಲೆ ಇರ್ತದ್ರೀ. ನಮ್ಮ ಮಾವಾರ ಮನಿ ಹಾವೇರಿ ಕಡೆ. 2024ರ ಮಾರ್ಚ್‌ನ್ಯಾಗ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ರೇಟ್ ಬಿದ್ದು ಎಪಿಎಂಸಿಗೆ ಬೆಂಕಿ ಹಚ್ಚೋ ಮಟ್ಟಕ್ಕ ಹೋತಲ್ಲ, ಆ ವರ್ಷ ಅವರು ಚೀಲ ಕೋಲ್ಡ್ ಸ್ಟೋರೇಜಿಗೆ ಇಟ್ರು. ಬಾಡಿಗಿ ಏರ್ಕೋತ ಹೋತು, ರೇಟ್ ಏರಲಿಲ್ಲ. ಅವರು ಎಷ್ಟು ತಿಂಗಳು ಇಟ್ರು, ಎಷ್ಟು ಚೀಲ ಮೊದಲ ಮಾರಿದ್ರು, ಸಾಲದವರು ಬಾಗಿಲಿಗೆ ಬಂದು ಮಾರಿಸಿದ್ರೋ ತಾವಾಗೇ ಹೆದರಿ ಮಾರಿದ್ರೋ, ಇದು ಗೊತ್ತಾದ್ರ ಆ ಮನುಷ್ಯ ನುಕಸಾನ್ ಎಷ್ಟು ತಡೀತಾನ ಅಂತ ಅರ್ಧ ಗೊತ್ತಾದಂಗ. ಸಾಲದವರು ಮಾರಿಸಿದ್ರ ಅದು ಗುಂಡಿಗಿ ವಿಷಯ ಅಲ್ಲ, ಕಿಸೆ ವಿಷಯ, ಅದನ್ನ ಬ್ಯಾರೆ ಬರೀಬೇಕು. ಫಾರ್ಮಿನ್ಯಾಗ ವಯಸ್ಸು, ಆದಾಯ, ಗುಂಡಿಗಿ ಎಲ್ಲಾ ಕೂಡಿಸಿ ಒಂದ ಮಾರ್ಕ್ಸ್ ಕೊಡ್ತಾರ.

ವೇದಿಕೆ ಮ್ಯಾಲಿದ್ದ ಸಾಹೇಬರು ರಿಸ್ಕೋಮೀಟರ್ ನೋಡ್ರಿ ಸಾಕು ಅಂದ್ರು. ಸಾಹೇಬ್ರ, ಅದು ಫಂಡಿನ ರಿಸ್ಕ್ ಎಷ್ಟು ಅಂತ ಹೇಳೋ ಆರು ಮನಿಯ ಚಿತ್ರ, ನನ್ನ ಬಿಪಿ ಎಷ್ಟು ಅಂತ ಅದಕ್ಕೇನ್ ಗೊತ್ತು? ಪ್ರಶ್ನೆ ಕೇಳಾಕ ಎದ್ದು ನಿಂತ್ರ ಟೈಮ್ ಇಲ್ಲ, ಊಟ ಆರ್ತದ ಅಂದ್ರು. ಊಟದ ಕಡೆ ಹೋದ್ರ ಬರೇ ಸಾರು ಉಳದಿತ್ತು. ಇವರ ಕೆಲಸ ಎಲ್ಲಾ ಹಿಂಗ. ಪ್ರತಿ ನವೆಂಬರ್ ಪೆನ್ಶನ್‌ಗೆ ಜೀವಂತ ಅದೀನಿ ಅಂತ ಹೆಬ್ಬೆರಳು ಒತ್ತಾಕ ಹೋದ್ರ ಮಷೀನ್ ಹಿಡಿಯಂಗಿಲ್ಲ, ನಾಳೆ ಬರ್ರಿ ಅಂತಾರ, ಎದುರಿಗೆ ನಿಂತು ಮಾತಾಡ್ಲಿಕತ್ತಿದ್ರೂ ಮಷೀನಿನ ಮಾತ ನಿಜ. ನಳದ ನೀರು ಬಂದಿಲ್ಲ ಅಂತ ಅರ್ಜಿ ಕೊಟ್ರ ಸಮಸ್ಯೆ ಬಗೆಹರಿದಿದೆ ಅಂತ ಮೆಸೇಜ್ ಬರ್ತದ. ಕಾಗದದ ಮ್ಯಾಲೆ ಊರೆಲ್ಲಾ ಸುಖವಾಗೇತಿ, ಈಗ ಧೈರ್ಯವಂತನೂ ಆಗೇತಿ.

ಸಂಬಂಧಪಟ್ಟವರು ಈ ಫಾರ್ಮ್ ಹಂಚೋದು ಬಂದ್ ಮಾಡಬೇಕು. ಬಂದ್ ಮಾಡಾಕ ಆಗದಿದ್ರ 2020ರ ಮಾರ್ಚ್‌ನ್ಯಾಗ ಏನ್ ಮಾಡಿದ್ರಿ, ಸ್ಟೇಟ್‌ಮೆಂಟ್ ತೋರಸ್ರಿ ಅಂತ ಒಂದು ಸಾಲು ಸೇರಿಸಬೇಕು. ತುಂಬಿದ ಫಾರ್ಮಿನ ಕಾಪಿನೂ ಕೊಡ್ರಿ, ಸಹಿ ಹಾಕಿಸ್ಕೊಂಡು ಒಳಗಿಟ್ಟು ನಾಳೆ ನುಕಸಾನ್ ಆದ್ರ ನೀವ ಬರದದ್ದಲ್ರೀ ಅಂತ ತೋರಸಾಕ ಅದನ್ನ ಇಟ್ಕೊಂಡಿರ್ತೀರಿ ಅಂತ ನಮಗೇನ್ ಗೊತ್ತಿಲ್ಲೇನು? ಇನ್ನ ನಿಮ್ಮ ವರದಿಗಾರರೂ ಸ್ವಲ್ಪ ಹಿಂದಿನ ಸಾಲಿಗೆ ಬಂದು ಕೂಡ್ರಿ, ಬರೇ ಹಾರದ ಫೋಟೋ ಹೊಡಕೊಂಡು ಹೋಗಬ್ಯಾಡ್ರಿ. ಬರದೂ ಏನ್ ಆಗ್ತದೋ ದೇವರಿಗೆ ಗೊತ್ತು, ಮುಂದಿನ ತಿಂಗಳು ಧಾರವಾಡದಾಗ ಇದ ಶಿಬಿರ ಐತೆಂತ, ಇದ ಫಾರ್ಮ್ ಹಿಡಕೊಂಡು ಬರ್ತಾರ, ನಾಚಿಕಿ ಅನ್ನೋದು ಇದ್ರ ಪೆನ್ನರ ತರ್ರಿ.

ನಿವೃತ್ತ ಮಾಸ್ತರ, ನವನಗರ, ಹುಬ್ಬಳ್ಳಿ